ವಿಷಯ: ಟೊಮೆಟೊ ನಷ್ಟದ ವರದಿ ಮತ್ತು ಶೀತಲಗೃಹದ ಹಣದ ಬಗ್ಗೆ ಮಾರ್ಚ್ 20ರೊಳಗೆ ಬೇಕಾದ ತೀರ್ಮಾನ

ಮಾನ್ಯ ಅಧ್ಯಕ್ಷರಿಗೆ ಹಾಗೂ ನಿರ್ದೇಶಕರಿಗೆ ನಮಸ್ಕಾರಗಳು.

ಕಳೆದ ಹಂಗಾಮಿನಲ್ಲಿ ನಮ್ಮ ಸದಸ್ಯರ ಟೊಮೆಟೊ ಎಲ್ಲಿ, ಯಾವ ಕಾರಣಕ್ಕೆ ಹಾಳಾಯಿತೆಂಬುದನ್ನು ಪರಿಶೀಲಿಸಿದ 58 ಪುಟಗಳ ವರದಿಯನ್ನು ಲಗತ್ತಿಸಿದ್ದೇನೆ. ಶೀತಲಗೃಹಕ್ಕೆಂದು ತೆಗೆದಿರಿಸಿರುವ 18 ಲಕ್ಷ ರೂಪಾಯಿಯಲ್ಲಿ 9 ಲಕ್ಷವನ್ನು ನೆರಳಿನ ವಿಂಗಡಣೆ ಶೆಡ್ಡಿಗೂ ಹೊಸ ಕ್ರೇಟುಗಳಿಗೂ ಬಳಸಲು ಮಂಡಳಿಯ ಒಪ್ಪಿಗೆ ಬೇಕಾಗಿದೆ. ಅದಕ್ಕೆ ಆಧಾರವಾದ ಮೂರು ಅಂಶಗಳು ಇವು.

ಮೊದಲನೆಯದಾಗಿ, ಹಣ್ಣು ಹೆಚ್ಚಾಗಿ ಹಾಳಾಗುತ್ತಿರುವುದು ಮಂಡಿಯಲ್ಲಲ್ಲ, ತೋಟದ ಬದುವಿನಲ್ಲಿ. ಮುಳಬಾಗಿಲು ಕಡೆಯ ಒಂದು ತೋಟದಲ್ಲಿ ಬೆಳಿಗ್ಗೆ 11ಕ್ಕೆ ತುಂಬಿಟ್ಟ ಬಾಕ್ಸುಗಳು ಸಂಜೆ 5ಕ್ಕೆ ಗಾಡಿ ಬರುವವರೆಗೂ ಬಿಸಿಲಿನಲ್ಲೇ ಇದ್ದವು. 15 ಕಿಲೋ ಹಿಡಿಯುವ ಬಾಕ್ಸಿಗೆ 17 ಕಿಲೋವರೆಗೆ ಗೋಪುರದಂತೆ ತುಂಬಿ, ಒಂದರ ಮೇಲೊಂದು ಪೇರಿಸಿದ್ದರಿಂದ ಅಡಿಯ ಬಾಕ್ಸಿನ ಮೇಲಿನ ಸಾಲು ಬಿರಿದು, ರಸ ಸೋರಿ ಕೆಳಗಿನ ಒಳ್ಳೆಯ ಹಣ್ಣನ್ನೂ ಕೆಡಿಸಿತ್ತು. ಆ ಹಣ್ಣು ಬೆಳೆದ ರೈತ ಅಲ್ಲೇ ನಿಂತು ನೋಡುತ್ತಿದ್ದರು. ಇದರ ಚಿತ್ರಗಳು 14ನೇ ಪುಟದಿಂದ ಇವೆ. ಬೇರೇನನ್ನು ಓದಲಾಗದಿದ್ದರೂ ಅವನ್ನು ದಯವಿಟ್ಟು ನೋಡಿ.

ಎರಡನೆಯದಾಗಿ, ದೂರದ ಊರಿಗೆ ಹೋಗುವ ಮಾಲಿನಲ್ಲಿ ದೋರಗಾಯಿಯೂ ಪೂರ್ತಿ ಕೆಂಪಾದ ಹಣ್ಣೂ ಒಟ್ಟಿಗೆ ಸೇರುತ್ತಿವೆ. ಕೂತು ವಿಂಗಡಿಸಲು ನೆರಳಿನ ಜಾಗವೇ ಇಲ್ಲದಿರುವುದು ಇದಕ್ಕೆ ಕಾರಣ.

ಮೂರನೆಯದು ಶೀತಲಗೃಹಕ್ಕೇ ಸಂಬಂಧಿಸಿದ್ದು. ಅದರ ಪ್ರಸ್ತಾವವನ್ನು ಮಂಡಳಿಯ ಮುಂದಿಟ್ಟವನು ನಾನೇ ಆದ್ದರಿಂದ ಇದನ್ನು ಸ್ಪಷ್ಟವಾಗಿ ಹೇಳುವುದು ನನ್ನ ಹೊಣೆ. ಬಲಿತ ಹಸಿರು ಟೊಮೆಟೊವನ್ನು ಸುಮಾರು 10 ಡಿಗ್ರಿಗಿಂತ ಕಡಿಮೆ ತಂಪಿನಲ್ಲಿ ಹಲವು ದಿನ ಇಟ್ಟರೆ ಹೊರತೆಗೆದ ಮೇಲೆ ಅದು ಸರಿಯಾಗಿ ಬಣ್ಣ ತಿರುಗುವುದಿಲ್ಲ, ಸಿಪ್ಪೆಯಲ್ಲಿ ಗುಳಿ ಬಿದ್ದು ಕೊಳೆಯತೊಡಗುತ್ತದೆ. ತಕ್ಕ ತಾಪಮಾನದಲ್ಲಿಟ್ಟರೂ ಅದು ತಿಂಗಳುಗಟ್ಟಲೆ ಉಳಿಯುವ ಬೆಳೆಯಲ್ಲ. ಬೆಲೆ ಕುಸಿದಾಗ ದಾಸ್ತಾನು ಮಾಡಿ, ಏರಿದ ಮೇಲೆ ಮಾರಬಹುದೆಂದು ನಾವು ಹಾಕಿದ್ದ ಲೆಕ್ಕ ಟೊಮೆಟೊಗೆ ಹೊಂದುವುದಿಲ್ಲ.

ಆದ್ದರಿಂದ ಫೆಬ್ರುವರಿಯ ನಿರ್ಣಯವನ್ನು ತಿದ್ದಿ, ಶೆಡ್ಡಿಗೆ 6 ಲಕ್ಷ, ಕ್ರೇಟುಗಳಿಗೆ 3 ಲಕ್ಷ ಮಂಜೂರು ಮಾಡಬೇಕೆಂದೂ, ಉಳಿದ 9 ಲಕ್ಷವನ್ನು ಈ ಹಂಗಾಮಿನ ಫಲಿತಾಂಶ ನೋಡುವವರೆಗೆ ಹಾಗೆಯೇ ಇಡಬೇಕೆಂದೂ ಕೋರುತ್ತೇನೆ. ಶೆಡ್ಡು ಕಟ್ಟಲು ಆರು ವಾರ ಬೇಕು, ಮೇ ಎರಡನೇ ವಾರದಿಂದ ಕೊಯ್ಲು ಶುರುವಾಗುತ್ತದೆ, ಗುತ್ತಿಗೆದಾರರು ಕೊಟ್ಟ ದರ ಮಾರ್ಚ್ ಕೊನೆಯವರೆಗೆ ಮಾತ್ರ ಇರುತ್ತದೆ. ಮಾರ್ಚ್ 20ರೊಳಗೆ ಈ ಮೇಲ್‌ಗೆ "ಒಪ್ಪಿಗೆ ಇದೆ" ಅಥವಾ "ಸಭೆಯಲ್ಲಿ ಚರ್ಚಿಸಬೇಕು" ಎಂದು ಉತ್ತರಿಸಿ. ಯಾರಾದರೊಬ್ಬರು ಚರ್ಚೆ ಬಯಸಿದರೂ 22ರಂದು ಬೆಳಿಗ್ಗೆ 10ಕ್ಕೆ ನಮ್ಮ ಕಚೇರಿಯಲ್ಲಿ ಸಭೆ ಕರೆಯುತ್ತೇನೆ. ಖರ್ಚಿನ ವಿವರ 47ನೇ ಪುಟದಲ್ಲಿದೆ.

ವಂದನೆಗಳೊಂದಿಗೆ,
ಮುಖ್ಯ ಕಾರ್ಯನಿರ್ವಹಣಾಧಿಕಾರಿ
ಟೊಮೆಟೊ ಬೆಳೆಗಾರರ ರೈತ ಉತ್ಪಾದಕ ಕಂಪನಿ, ಕೋಲಾರ ಜಿಲ್ಲೆ