ಥೈರಾಯ್ಡ್ ಕಮ್ಮಿ ಅಂದ್ರೆ ಏನು?

(ಕ್ಲಿನಿಕ್‌ನ ಕಾಯುವ ಕೋಣೆಯ ಟಿವಿಗಾಗಿ. ಡಾಕ್ಟರ್ ಮೇಜಿನ ಪಕ್ಕದಲ್ಲಿ ಕೂತಿದ್ದಾರೆ. ಮುಂದೆ ಲ್ಯಾಬ್ ರಿಪೋರ್ಟ್, ಮಾತ್ರೆ ಬಾಟಲಿ, ಒಂದು ಲೋಟ ನೀರು.)

ಡಾಕ್ಟರ್: ನಮಸ್ಕಾರ. ರಿಪೋರ್ಟ್ ಕೈಗೆ ಬಂದ ಮೇಲೆ ಸುಮಾರು ಜನ ಕೇಳೋ ಮೊದಲನೇ ಪ್ರಶ್ನೆ ಇದು: "ಡಾಕ್ಟ್ರೇ, ಇದ್ರಲ್ಲಿ ಟಿಎಸ್‌ಎಚ್ ಜಾಸ್ತಿ ಅಂತ ಬಂದಿದೆ. ನೀವು ನೋಡಿದ್ರೆ ಥೈರಾಯ್ಡ್ ಕಮ್ಮಿ ಅಂತೀರಿ. ಯಾವುದು ಸರಿ?"

ಎರಡೂ ಸರಿ.

(ಡಾಕ್ಟರ್ ತಮ್ಮ ಕುತ್ತಿಗೆಯ ಮುಂಭಾಗ ಮುಟ್ಟಿ ತೋರಿಸುತ್ತಾರೆ.)

ಇಲ್ಲಿ, ಗಂಟಲಿನ ಕೆಳಗಡೆ, ಚಿಟ್ಟೆ ಆಕಾರದ ಒಂದು ಗ್ರಂಥಿ ಇದೆ. ಅದೇ ಥೈರಾಯ್ಡ್. ಅದು ಮಾಡೋ ಹಾರ್ಮೋನು ರಕ್ತದಲ್ಲಿ ಕಮ್ಮಿಯಾದಾಗ ಮೆದುಳಿನ ಬುಡದಲ್ಲಿರೋ ಪಿಟ್ಯುಟರಿ ಗ್ರಂಥಿಗೆ ಗೊತ್ತಾಗುತ್ತೆ. "ಇನ್ನೂ ಮಾಡು, ಇನ್ನೂ ಮಾಡು" ಅಂತ ಅದು ಕೂಗೋಕೆ ಶುರು ಮಾಡುತ್ತೆ. ಆ ಕೂಗೇ ಟಿಎಸ್‌ಎಚ್. ಹಾರ್ಮೋನು ಕಮ್ಮಿ ಆದಷ್ಟೂ ಕೂಗು ಜೋರು. ಇದಕ್ಕೆ ಹೈಪೋಥೈರಾಯ್ಡಿಸಂ ಅಂತೀವಿ.

ಹಾರ್ಮೋನು ಕಮ್ಮಿಯಾದ್ರೆ ದೇಹದ ಕೆಲಸವೆಲ್ಲ ನಿಧಾನ ಆಗುತ್ತೆ. ಹಾಗಾಗಿ ಸುಸ್ತು. ಎಷ್ಟು ಮಲಗಿದ್ರೂ ನಿದ್ದೆ ಸಾಲದು. ಬೇರೆಯವರು ಫ್ಯಾನ್ ಹಾಕ್ಕೊಂಡಿದ್ರೆ ನಿಮಗೆ ಚಳಿ. ಮಲಬದ್ಧತೆ, ಒಣ ಚರ್ಮ, ಕೂದಲು ಉದುರೋದು, ಮುಟ್ಟಿನ ಏರುಪೇರು. ತೂಕನೂ ಸ್ವಲ್ಪ ಏರಬಹುದು. ಆದ್ರೆ ನೇರವಾಗಿ ಹೇಳ್ತೀನಿ, ಹದಿನೈದು ಇಪ್ಪತ್ತು ಕೆಜಿ ಏರಿದ್ರೆ ಪೂರ್ತಿ ತಪ್ಪು ಥೈರಾಯ್ಡ್‌ದಲ್ಲ.

"ನಾನೇನು ತಪ್ಪು ಮಾಡಿದೆ?" ಅಂತ ಬೇಜಾರು ಮಾಡ್ಕೋಬೇಡಿ. ಹೆಚ್ಚಿನವರಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆನೇ ಈ ಗ್ರಂಥಿಯ ಮೇಲೆ ತಿರುಗಿ ಬಿದ್ದಿರುತ್ತೆ. ನೀವು ತಿಂದಿದ್ದರಿಂದ, ಟೆನ್ಷನ್ ಮಾಡ್ಕೊಂಡಿದ್ದರಿಂದ ಬಂದದ್ದಲ್ಲ. ಇದು ಕ್ಯಾನ್ಸರ್ ಅಲ್ಲ, ಅಂಟುರೋಗನೂ ಅಲ್ಲ.

(ಕ್ಯಾಮೆರಾ ಬಾಟಲಿಯ ಮೇಲೆ. ಡಾಕ್ಟರ್ ಒಂದು ಪುಟ್ಟ ಬಿಳಿ ಮಾತ್ರೆಯನ್ನು ಅಂಗೈ ಮೇಲೆ ಇಟ್ಟು ತೋರಿಸುತ್ತಾರೆ.)

ಇದರ ಹೆಸರು ಥೈರಾಕ್ಸಿನ್. ನಿಮ್ಮ ಗ್ರಂಥಿ ಮಾಡ್ತಿದ್ದ ಹಾರ್ಮೋನೇ ಇದು, ಹೊರಗಿಂದ ಕೊಡ್ತಿದೀವಿ ಅಷ್ಟೆ. "ಅಭ್ಯಾಸ ಆಗಿಬಿಡುತ್ತೆ" ಅಂತ ಅಕ್ಕಪಕ್ಕದವರು ಹೇಳಿದ್ರೆ ನಕ್ಕು ಸುಮ್ಮನಾಗಿ. ದೇಹಕ್ಕೆ ಇದು ಮೊದಲಿಂದಲೂ ಬೇಕೇ ಇತ್ತು.

ನಮ್ಮಲ್ಲಿ ತೊಂದರೆ ಆಗೋದು ಬೆಳಗಿನ ಕಾಫಿಯಿಂದ! ಎದ್ದ ಕೂಡಲೇ, ಖಾಲಿ ಹೊಟ್ಟೇಲಿ, ಬರೀ ನೀರಿನ ಜೊತೆ ಮಾತ್ರೆ ನುಂಗಬೇಕು. ಆಮೇಲೆ ಅರ್ಧದಿಂದ ಒಂದು ಗಂಟೆ ಕಾಫಿ, ಟೀ, ತಿಂಡಿ ಯಾವುದೂ ಬೇಡ. ಕಾಫಿ ಜೊತೆ ತಗೊಂಡ್ರೆ ಔಷಧಿ ಸರಿಯಾಗಿ ಒಳಗೆ ಹೋಗಲ್ಲ. ಹಲ್ಲುಜ್ಜೋಕೆ ಮುಂಚೆನೇ ನುಂಗಿ, ಸ್ನಾನ, ಪೂಜೆ ಮುಗಿಸೋ ಹೊತ್ತಿಗೆ ಕಾಫಿ ಸಮಯ ಆಗಿರುತ್ತೆ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ತಗೊಳ್ಳೋರು ನಾಲ್ಕು ಗಂಟೆ ಬಿಟ್ಟು ತಗೊಳ್ಳಿ.

ಒಂದು ದಿನ ಮರೆತ್ರೆ ಗಾಬರಿ ಬೇಡ. ಈ ಔಷಧಿ ರಕ್ತದಲ್ಲಿ ಅರ್ಧಕ್ಕೆ ಇಳಿಯೋಕೆ ಸುಮಾರು ಒಂದು ವಾರ ಬೇಕು. ಅದೇ ಕಾರಣಕ್ಕೆ, ನಾಲ್ಕು ದಿನ ತಗೊಂಡು "ಏನೂ ಗೊತ್ತಾಗ್ಲಿಲ್ಲ" ಅನ್ನಬೇಡಿ. ಸುಸ್ತು ನಿಧಾನಕ್ಕೆ, ವಾರಗಳ ಮೇಲೆ ಇಳಿಯುತ್ತೆ.

ಕೋಸು, ಹೂಕೋಸು, ನವಿಲುಕೋಸು ಬಿಡಬೇಕಾ? ಬೇಡ. ಬೇಯಿಸಿ, ಎಲ್ಲರ ಹಾಗೆ ತಿನ್ನಿ. ಅಡುಗೆಗೆ ಅಯೋಡಿನ್ ಉಪ್ಪೇ ಇರಲಿ, ಹೆಚ್ಚಿಗೆ ಸುರಿಯೋದು ಬೇಡ.

ಆರರಿಂದ ಎಂಟು ವಾರಕ್ಕೆ ಮತ್ತೆ ರಕ್ತ ಪರೀಕ್ಷೆ. ಅವತ್ತು ರಕ್ತ ಕೊಟ್ಟ ಮೇಲೆ ಮಾತ್ರೆ ತಗೊಳ್ಳಿ. ಕೂದಲಿಗೆ ಅಂತ ಬಯೋಟಿನ್ ತಗೊಳ್ತಿದ್ರೆ ಎರಡು ದಿನ ಮುಂಚೆ ನಿಲ್ಲಿಸಿ, ರಿಪೋರ್ಟ್ ದಾರಿ ತಪ್ಪಿಸುತ್ತೆ ಅದು. ಇನ್ನೊಂದು, ರಿಪೋರ್ಟ್ ನಾರ್ಮಲ್ ಬಂತು ಅಂತ ಮಾತ್ರೆ ನಿಲ್ಲಿಸಿಬಿಡೋರು ತುಂಬಾ ಜನ. ನಾರ್ಮಲ್ ಬಂದಿದ್ದು ಮಾತ್ರೆಯಿಂದ! ಕೆಲವರಿಗೆ ಕಾಲಕ್ರಮೇಣ ನಿಲ್ಲಿಸಬಹುದು, ಹೆಚ್ಚಿನವರಿಗೆ ಜೀವನಪೂರ್ತಿ ಬೇಕು. ಅದನ್ನ ಕೂತು ಮಾತಾಡಿ ತೀರ್ಮಾನ ಮಾಡೋಣ.

ಎದೆ ಡವಡವ, ಕೈನಡುಕ, ಸುಮ್ಮಸುಮ್ಮನೆ ಬೆವರು ಬಂದ್ರೆ ಡೋಸ್ ಜಾಸ್ತಿ ಆಗಿರಬಹುದು, ಬಂದು ತೋರಿಸಿ. ಎದೆನೋವು ಬಂದ್ರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಬಸುರಿ ಅಂತ ಗೊತ್ತಾದ ದಿನವೇ ಫೋನ್ ಮಾಡಿ. ಮಾತ್ರೆ ಬಿಡಬೇಡಿ, ಆಗ ಡೋಸ್ ಹೆಚ್ಚಿಸಬೇಕಾಗಿ ಬರೋದೇ ಜಾಸ್ತಿ. ಮಗುವಿನ ಮೆದುಳು ಬೆಳೆಯೋಕೆ ಈ ಹಾರ್ಮೋನು ಬೇಕು.

ಮುಂದಿನ ಸಲ ಬರುವಾಗ ಹಳೇ ರಿಪೋರ್ಟ್, ಬಾಟಲಿ ಎರಡೂ ತನ್ನಿ. ಬಾಟಲಿ ಖಾಲಿಯಾಗಿದ್ರೂ ತನ್ನಿ, ಯಾವ ಕಂಪನಿ, ಎಷ್ಟು ಮೈಕ್ರೋಗ್ರಾಂ ಅಂತ ಅದರ ಮೇಲೇ ಇರುತ್ತೆ.