ಗುಂಪಿನ ಹೆಸರು: ನೀರಿನ ಬಿಲ್

ಸೋಮವಾರ

ಪ್ರದೀಪ್, ರಾತ್ರಿ 9:04
ಎಲ್ಲರಿಗೂ ನಮಸ್ಕಾರ. ಹೆಸರು ನೋಡಿ ಗಾಬರಿ ಆಗಬೇಡಿ. ಯಾರ ಫೋನ್ ಮೇಲೆ ಕಂಡರೂ ಯಾರೂ ತೆರೆದು ನೋಡದ ಹೆಸರು ಬೇಕಿತ್ತು. ಶನಿವಾರ ಕವಿತಾಗೆ 30 ತುಂಬುತ್ತೆ. ಅವಳಿಗೆ ಗೊತ್ತಾಗದ ಹಾಗೆ ಅವಳ ಮನೆಯಲ್ಲೇ ಪಾರ್ಟಿ ಮಾಡೋಣ ಅಂತ.

ಶ್ರುತಿ, 9:06
ನಾನು ರೆಡಿ! ಬಲೂನ್, ಅಲಂಕಾರ ನನಗೆ ಬಿಡಿ.

ಗಿರೀಶ್, 9:07
ನಂದಿನಿ ಈ ಗುಂಪಿನಲ್ಲಿ ಇದ್ದಾಳಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಇರೋದು. ಬಾಯಿ ತಪ್ಪಿ ಏನಾದರೂ ಬಂದುಬಿಟ್ಟರೆ?

ಪ್ರದೀಪ್, 9:08
ಅವಳಿಲ್ಲದೆ ಆಗಲ್ಲ ಗಿರೀಶಣ್ಣ. ಕವಿತಾ ಎಷ್ಟು ಹೊತ್ತಿಗೆ ಬರ್ತಾಳೆ, ಏನು ಇಷ್ಟ, ಏನು ಕಷ್ಟ, ಎಲ್ಲ ಗೊತ್ತಿರೋದು ಅವಳಿಗೇ.

ನಂದಿನಿ, 9:15
ಈಗ ಟೆರೇಸ್ ಮೇಲೆ ಬಂದು ಬರೆಯುತ್ತಿದ್ದೇನೆ. ಒಂದು ವಿಷಯ. ನಾನು ಅಡುಗೆಮನೆಯಲ್ಲಿ ಇದ್ದಾಗ ನನ್ನ ಮೆಸೇಜ್ ಓದಿ ಹೇಳೋದು ಕವಿತಾನೇ. ಹಾಗಾಗಿ ನೋಟಿಫಿಕೇಶನ್‌ನಲ್ಲಿ ಮೆಸೇಜ್ ಕಾಣದ ಹಾಗೆ ಮಾಡಿದ್ದೇನೆ. ಆದರೂ ರಾತ್ರಿ 8 ಆದಮೇಲೆ ಯಾರೂ ಫೋನ್ ಮಾಡಬೇಡಿ. ನಾನು “ಬಿಲ್ ಕಟ್ಟಿದೆ” ಅಂತ ಹಾಕಿದರೆ ಅವಳು ಪಕ್ಕದಲ್ಲಿದ್ದಾಳೆ ಅಂತ ಅರ್ಥ. ಅಲ್ಲಿಗೆ ನಿಲ್ಲಿಸಿಬಿಡಿ.

ಗಿರೀಶ್, 9:18
ಸರಿ. ನನ್ನ ಐಡಿಯಾ ಇದು. ಎಲ್ಲ ಲೈಟ್ ಆಫ್. 25 ಜನ ಒಳಗೆ. ಅವಳು ಬಾಗಿಲು ತೆಗೆದ ತಕ್ಷಣ ಒಟ್ಟಿಗೆ ಕೂಗೋದು!

ನಂದಿನಿ, 9:24
ಗಿರೀಶಣ್ಣ, ಬೇಜಾರು ಮಾಡ್ಕೋಬೇಡಿ, ಕತ್ತಲು ಬೇಡ. ಒಂದು ಸಲ ಕರೆಂಟ್ ಹೋದಾಗ ಮೆಟ್ಟಿಲ ಮೇಲೆ ಯಾರೋ ತಮಾಷೆಗೆ ಹೆದರಿಸಿದರು. ಅರ್ಧ ಗಂಟೆ ಕೈ ನಡುಗುತ್ತಿತ್ತು ಅವಳಿಗೆ. ನೀರಿನ ಲೋಟ ನಾನೇ ಹಿಡಿದು ಕುಡಿಸಿದೆ. ಲೈಟ್ ಹಾಕಿರಲಿ. ಬಾಗಿಲು ತೆಗೆದಾಗ ಮೊದಲು ಅಕ್ಷತಾ ಕಾಣಿಸಲಿ. ಆಮೇಲೆ ಉಳಿದವರು. ಜನವೂ 10 ಸಾಕು.

ಗಿರೀಶ್, 9:26
ಅಯ್ಯೋ, ಇದು ಗೊತ್ತೇ ಇರಲಿಲ್ಲಮ್ಮ. ಹೇಳಿದ್ದು ಒಳ್ಳೇದಾಯ್ತು. ನೀನು ಹೇಳಿದ ಹಾಗೇ ಆಗಲಿ.

ಅಕ್ಷತಾ, 9:31
ನಂದಿನಿ ಅಕ್ಕ, ಗಿಫ್ಟ್ ಏನು ಕೊಡೋಣ? ನಮ್ಮಕ್ಕನ್ನ ಏನು ಕೇಳಿದರೂ “ಏನೂ ಬೇಡ” ಅಂತಾಳೆ.

ನಂದಿನಿ, 9:33
ನಿಮ್ಮಮ್ಮನ ಹೊಲಿಗೆ ಮಿಷನ್ ನಿಮ್ಮ ಮನೆಯಲ್ಲಿ ಬೆಡ್‌ಶೀಟ್ ಕೆಳಗೆ ಸುಮ್ನೆ ಕೂತಿದೆಯಲ್ಲ? ಅದನ್ನು ರಿಪೇರಿ ಮಾಡಿಸೋಣ. ತಿಂಗಳಿಗೊಮ್ಮೆಯಾದರೂ ಅದರ ಮಾತು ತೆಗೀತಾಳೆ.

ಅಕ್ಷತಾ, 9:34
ನನಗೆ ಯಾಕೆ ಹೊಳೆಯಲಿಲ್ಲ ಇದು! ನಾಳೆನೇ ಗಿರೀಶಣ್ಣನ ಹತ್ತಿರ ತಂದುಕೊಡ್ತೀನಿ.

ನಂದಿನಿ, 9:34
ಬಿಲ್ ಕಟ್ಟಿದೆ

ಬುಧವಾರ

ಶ್ರುತಿ, ಸಂಜೆ 6:41
ದೊಡ್ಡ ತಪ್ಪಾಯ್ತು. “ಶನಿವಾರ 5ಕ್ಕೆ ಎಲ್ಲರೂ ಬನ್ನಿ” ಅಂತ ಹಳೇ ಗುಂಪಿಗೆ ಹಾಕಿಬಿಟ್ಟೆ. ಕವಿತಾ ಇರೋ ಗುಂಪು! ತಕ್ಷಣ ಡಿಲೀಟ್ ಮಾಡಿದೆ. ಆದರೆ ಡಿಲೀಟ್ ಆಗಿದೆ ಅಂತ ಅಲ್ಲಿ ತೋರಿಸುತ್ತಲ್ವಾ?

ಪ್ರದೀಪ್, 6:43
ಅವಳು ಓದಿದಳಾ?

ನಂದಿನಿ, 7:20
ಓದಿಲ್ಲ. “ಶ್ರುತಿ ಏನೋ ಹಾಕಿ ಅಳಿಸಿದ್ದಾಳೆ, ಹುಷಾರಾಗಿದ್ದಾಳಾ?” ಅಂತ ಕೇಳಿದಳು. “ಬೇರೆ ಗುಂಪಿಗೆ ಹಾಕೋದು ಅಲ್ಲಿಗೆ ಹೋಗಿರಬೇಕು” ಅಂದೆ. ಅದು ನಿಜಾನೇ. ಶ್ರುತಿ, ಅವಳು ಕೇಳಿದರೆ ನೀನೂ ಇಷ್ಟೇ ಹೇಳು. ಹೊಸ ಕಥೆ ಕಟ್ಟಬೇಡ.

ಗಿರೀಶ್, 8:02
ಮಿಷನ್ ಬಿಚ್ಚಿ ನೋಡಿಸಿದೆ. ಬೆಲ್ಟ್ ಹೋಗಿದೆ, ಬಾಬಿನ್ ಕೇಸ್ ತುಕ್ಕು ಹಿಡಿದಿದೆ. ಎರಡೂ ಹೊಸದು ಹಾಕುತ್ತಾರಂತೆ. ಉಳಿದದ್ದೆಲ್ಲ ಗಟ್ಟಿ ಇದೆ.

ಗುರುವಾರ

ನಂದಿನಿ, ರಾತ್ರಿ 10:48
ಎಲ್ಲರೂ ಇದನ್ನು ಓದಿ. ನನಗೆ ನಿದ್ದೆ ಬರುತ್ತಿಲ್ಲ.

ನಂದಿನಿ, 10:52
ಶನಿವಾರ ಊರಲ್ಲಿ ಇರಲ್ಲ ಅಂತ ಪ್ರದೀಪ್ ಕವಿತಾಗೆ ಹೇಳಿದ್ದಾನೆ. ಶ್ರುತಿ ಕೆಲಸ ಇದೆ ಅಂದಿದ್ದಾಳೆ. ಅಕ್ಷತಾ ಪರೀಕ್ಷೆ ಅಂದಿದ್ದಾಳೆ. ಇವತ್ತು ಕವಿತಾ ಒಣಗಿದ ಬಟ್ಟೆ ಮಡಿಸುತ್ತಾ ಕೂತಿದ್ದಳು. “ಶನಿವಾರ ನೀನೂ ಇರಲ್ವಾ?” ಅಂತ ಕೇಳಿದಳು. ನಾನು ಏನೂ ಹೇಳಲಿಲ್ಲ. ಅದೇ ಟವೆಲ್ಲನ್ನು ಮೂರು ಸಲ ಮಡಿಸಿದಳು. ಮತ್ತೆ ಬಿಚ್ಚಿದಳು, ಮತ್ತೆ ಮಡಿಸಿದಳು.

ಅಕ್ಷತಾ, 10:55
ಅಕ್ಕಾ…

ಪ್ರದೀಪ್, 10:57
ಇನ್ನು ಎರಡೇ ದಿನ ನಂದಿನಿ. ಈಗ ಎಷ್ಟು ಬೇಜಾರಾಗಿದ್ದರೆ ಆಮೇಲೆ ಅಷ್ಟು ಖುಷಿ ಆಗುತ್ತೆ, ಅಲ್ವಾ?

ನಂದಿನಿ, 11:03
ಇಲ್ಲ ಪ್ರದೀಪ್. ಆ ಎರಡು ದಿನ ಅವಳ ಜೊತೆ ಇರೋದು ನಾನು. ನಾಳೆ ಇಡೀ ದಿನ “ನಾನು ಯಾರಿಗೂ ಬೇಡ” ಅಂದುಕೊಂಡು ಓಡಾಡುತ್ತಾಳೆ. ಶನಿವಾರದ ಖುಷಿಗೋಸ್ಕರ ಶುಕ್ರವಾರ ಅವಳನ್ನು ಅಳಿಸೋದು ನನ್ನ ಕೈಲಿ ಆಗಲ್ಲ. ಪಾರ್ಟಿ ಗುಟ್ಟಾಗಿರಲಿ. ಮರೆತ ಹಾಗೆ ನಾಟಕ ಬೇಡ.

ಅಕ್ಷತಾ, 11:05
ನಂದಿನಿ ಅಕ್ಕ ಹೇಳೋದು ಸರಿ. ನಾನು ಬೆಳಗ್ಗೆನೇ ಫೋನ್ ಮಾಡಿ ಮಾತಾಡ್ತೀನಿ.

ಪ್ರದೀಪ್, 11:09
ಸರಿ. ನಾನು ಯೋಚಿಸಿರಲಿಲ್ಲ. ಹಾಗಾದರೆ ಏನು ಮಾಡೋಣ ಹೇಳು.

ನಂದಿನಿ, 11:14
ಹುಟ್ಟುಹಬ್ಬ ನೆನಪಿದೆ ಅಂತ ನಾಳೆ ಎಲ್ಲರೂ ಒಂದೊಂದು ಮಾತು ಹೇಳಿ. ಮುಂದಿನ ವಾರ ಸಿಗೋಣ ಅನ್ನಿ. ಶನಿವಾರ ಬೆಳಗ್ಗೆ ಎಂದಿನ ಹಾಗೆ ಶುಭಾಶಯ ಕಳಿಸಿ. ಸಂಜೆ ನಾನು ಪೂರ್ತಿ ಅವಳ ಜೊತೆ ಅಂತ ಈಗಲೇ ಹೋಗಿ ಹೇಳುತ್ತೇನೆ.

ನಂದಿನಿ, 11:31
ಹೇಳಿದೆ. “ಹಾಗಾದರೆ ಆ ನೀಲಿ ಕುರ್ತಾ ಹಾಕ್ಕೊಳ್ಳಲಾ?” ಅಂದಳು. ಈಗ ಮಲಗಿದ್ದಾಳೆ.

ಶನಿವಾರ

ಪ್ರದೀಪ್, ಬೆಳಗ್ಗೆ 10:10
ಕೊನೇ ಸಲ ಹೇಳಿಬಿಡುತ್ತೇನೆ. ನಂದಿನಿ 4ಕ್ಕೆ ಅವಳನ್ನು ಹೊರಗೆ ಕರೆದುಕೊಂಡು ಹೋಗುತ್ತಾಳೆ. ಇನ್ನೊಂದು ಕೀ ಅಕ್ಷತಾ ಹತ್ತಿರ ಇದೆ. ಎಲ್ಲರೂ 5ರ ಒಳಗೆ ಇರಬೇಕು. ಕೇಕ್ ನಾನು ತರುತ್ತೇನೆ. ಖರ್ಚಿನ ಲೆಕ್ಕ ನಾಳೆ. ಅಕ್ಷತಾ ಇನ್ನೂ ಓದುತ್ತಿದ್ದಾಳೆ, ಅವಳದ್ದು ಬೇಡ.

ನಂದಿನಿ, 10:16
ಗಾಡಿ ಗೇಟ್ ಮುಂದೆ ನಿಲ್ಲಿಸಬೇಡಿ, ಹಿಂದಿನ ರಸ್ತೆಯಲ್ಲಿ ಹಾಕಿ. ಚಪ್ಪಲಿ ಒಳಗೆ ತನ್ನಿ. ಬಾಗಿಲ ಹೊರಗೆ ಹತ್ತು ಜೊತೆ ಇದ್ದರೆ ಅಲ್ಲೇ ಗೊತ್ತಾಗಿಬಿಡುತ್ತೆ.

ಗಿರೀಶ್, ಮಧ್ಯಾಹ್ನ 1:30
ಮಿಷನ್ ಬಂತು. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿತ್ತು. ನೋಡಿದರೆ ಸೂಜಿ ಉಲ್ಟಾ ಹಾಕಿದ್ದಾರೆ. ಸರಿ ಮಾಡಿ ಒಂದು ಬಟ್ಟೆ ತುಂಡಿನ ಮೇಲೆ ಹೊಲಿದು ನೋಡಿದೆ. ಗೆರೆ ಎಳೆದ ಹಾಗೆ ಬಂತು.

ಶ್ರುತಿ, ಸಂಜೆ 5:12
ಎಲ್ಲ ರೆಡಿ. ಬಲೂನ್ ಒಂದೂ ಒಡೆಯದ ಹಾಗೆ ಬಾಗಿಲಿಂದ ದೂರ ಕಟ್ಟಿದ್ದೇನೆ. ಶಬ್ದ ಆಗಬಾರದಲ್ಲ.

ನಂದಿನಿ, 5:48
ಹೊರಟೆವು. 15 ನಿಮಿಷ.

ನಂದಿನಿ, 6:02
ಗೇಟ್ ಹತ್ತಿರ. ಅಕ್ಷತಾ, ಮುಂದೆ ನಿಂತ್ಕೋ.

ನಂದಿನಿ, 6:02
ಬಿಲ್ ಕಟ್ಟಿದೆ

ಭಾನುವಾರ

ಪ್ರದೀಪ್ ಅವರು ಕವಿತಾ ಅವರನ್ನು ಸೇರಿಸಿದ್ದಾರೆ

ಕವಿತಾ, ಬೆಳಗ್ಗೆ 9:20
ನಾನು ಈಗ ಸೇರಿದ್ದಕ್ಕೆ ಹಳೇದು ಏನೂ ಕಾಣಿಸುತ್ತಿಲ್ಲ. ನಂದಿನಿ ಫೋನ್ ಕಿತ್ಕೊಂಡು ಎಲ್ಲ ಓದಿದೆ. ಗುರುವಾರದ್ದು ಎರಡು ಸಲ ಓದಿದೆ.

ಕವಿತಾ, 9:23
ರಾತ್ರಿ 1ರವರೆಗೆ ಅಮ್ಮನ ಮಿಷನ್ ತುಳಿಯುತ್ತಾ ಕೂತಿದ್ದೆ. ಅಕ್ಷತಾ ಪಕ್ಕದಲ್ಲೇ ನಿದ್ದೆ ಹೋದಳು. ಆ ಸದ್ದು ಹಾಗೇ ಇದೆ.

ಕವಿತಾ, 9:25
ಗಿರೀಶಣ್ಣ, ನಿನ್ನೆ ನಿಮ್ಮ ಶರ್ಟಿನ ತೋಳು ಬಿಟ್ಟಿತ್ತು. ಇವತ್ತು ಸಂಜೆ ತಂದುಕೊಡಿ.