ವಿಷಯ: 30.09.2025ರ ಸ್ಟೇಟ್‌ಮೆಂಟ್ – ನಿಮ್ಮ ಲೆಡ್ಜರ್‌ಗೂ ನಮ್ಮ ಲೆಕ್ಕಕ್ಕೂ ₹5,27,444 ವ್ಯತ್ಯಾಸ

ದಿನಾಂಕ: 14.10.2025

ನಮಸ್ಕಾರ ಶಿವಣ್ಣ ಸರ್,

ನೀವು ಕಳಿಸಿದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಲೆಡ್ಜರ್ ಸಿಕ್ಕಿತು. ಒಂದೊಂದೇ ಸಾಲು ಹಿಡಿದು ನಮ್ಮ ಟ್ಯಾಲಿ ಜೊತೆ ಹೋಲಿಸಿದೆ. ನಿಮ್ಮ ಪ್ರಕಾರ ನಾವು ಕೊಡಬೇಕಾದ್ದು ₹15,82,640. ನಮ್ಮ ಪುಸ್ತಕದಲ್ಲಿ ₹10,55,196. ಐದು ಎಂಟ್ರಿಗಳಿಂದ ಈ ವ್ಯತ್ಯಾಸ ಬಂದಿದೆ.

ಮೊದಲು ನಮ್ಮ ತಪ್ಪು. ಸೆಪ್ಟೆಂಬರ್ 9ರ ನಿಮ್ಮ ಬಿಲ್ 1243ರಲ್ಲಿ ಮಾಲಿನ ಬೆಲೆ ₹74,000. ನಮ್ಮಲ್ಲಿ ಅಂಕಿ ಅದಲುಬದಲಾಗಿ ₹47,000 ಅಂತ ಎಂಟ್ರಿ ಆಗಿದೆ. 18% ಜಿಎಸ್‌ಟಿ ಸೇರಿಸಿದರೆ ನಿಮಗೆ ₹31,860 ಕಮ್ಮಿ ತೋರಿಸಿದ್ದೇವೆ. ಕ್ಷಮಿಸಿ ಸರ್, ಇವತ್ತೇ ಸರಿಪಡಿಸಿದ್ದೇನೆ.

ಸೆಪ್ಟೆಂಬರ್ 26ರಂದು ನೆಫ್ಟ್ ಮಾಡಿದ ₹3,18,600 ನಿಮ್ಮ ಲೆಡ್ಜರ್‌ನಲ್ಲಿ ಇಲ್ಲ. ನಮ್ಮ ಬ್ಯಾಂಕಿನಿಂದ ಅವತ್ತೇ ಹೋಗಿದೆ, ವಾಪಸ್ ಬಂದಿಲ್ಲ. ಯುಟಿಆರ್ ನಂಬರ್ ಇರುವ ಸ್ಲಿಪ್ ಲಗತ್ತಿಸಿದ್ದೇನೆ. ಬೇರೆ ಪಾರ್ಟಿಯ ಖಾತೆಗೆ ಜಮಾ ಆಗಿರಬಹುದು, ಅಥವಾ ಸಸ್ಪೆನ್ಸ್‌ನಲ್ಲಿ ಕೂತಿರಬಹುದು. ಒಮ್ಮೆ ನೋಡಿಸಿ.

ಜುಲೈ 18ರ ನಮ್ಮ ಡೆಬಿಟ್ ನೋಟ್ 23 (₹33,984) ಕೂಡ ನಿಮ್ಮಲ್ಲಿ ಏರಿಲ್ಲ. ಇದು ಥ್ರೆಡ್ ಗೇಜ್‌ನಲ್ಲಿ ಪಾಸ್ ಆಗದ 1,600 ಬೋಲ್ಟ್‌ಗಳದ್ದು, ಒಂದಕ್ಕೆ ₹18ರಂತೆ, ಜೊತೆಗೆ ಜಿಎಸ್‌ಟಿ. ಮಾಲು ವಾಪಸ್ ಹೋದ ಚಲನ್ ಮೇಲೆ ನಿಮ್ಮ ಸ್ಟೋರ್ಸ್‌ನವರ ಸಹಿ ಇದೆ. ದಯವಿಟ್ಟು ಕ್ರೆಡಿಟ್ ನೋಟ್ ಕೊಟ್ಟು ಜಿಎಸ್‌ಟಿಆರ್-1ರಲ್ಲೂ ತೋರಿಸಿ.

ನನಗೆ ಜಾಸ್ತಿ ಚಿಂತೆ ಆಗಿರುವುದು ಆಗಸ್ಟ್ 22ರ ಬಿಲ್ 1187ರದ್ದು. ಮೊತ್ತ ₹1,41,600. ಜಿಎಸ್‌ಟಿಆರ್-2ಬಿಯಲ್ಲಿ ಈ ಬಿಲ್ ಕಾಣುತ್ತಿದೆ. ಆದರೆ ಪೀಣ್ಯದ ಗೇಟ್ ರಿಜಿಸ್ಟರ್‌ನಲ್ಲಿ ಆ ಲಾರಿ ಬಂದ ದಾಖಲೆ ಇಲ್ಲ, ಜಿಆರ್‌ಎನ್ ಇಲ್ಲ. ದಾಬಸ್‌ಪೇಟೆ ಯೂನಿಟ್‌ನಲ್ಲೂ ಕೇಳಿಸಿದೆ, ಅಲ್ಲಿಗೂ ಬಂದಿಲ್ಲ. ಮಾಲು ಕೈಗೆ ಬರದೆ ನಾವು ಐಟಿಸಿ ತೆಗೆದುಕೊಳ್ಳುವ ಹಾಗಿಲ್ಲ, ಹಣವನ್ನೂ ಪಾಸ್ ಮಾಡಲಾಗುವುದಿಲ್ಲ. ಹುಬ್ಬಳ್ಳಿಯಿಂದ ಹೊರಟ ಎಲ್‌ಆರ್, ಇ-ವೇ ಬಿಲ್, ನಮ್ಮವರು ಸಹಿ ಮಾಡಿದ ಚಲನ್ ಇದ್ದರೆ ಕಳಿಸಿ. ಮಾಲು ನಿಜಕ್ಕೂ ನಮಗೆ ತಲುಪಿದ್ದರೆ ನಿಮ್ಮ 45 ದಿನದ ಗಡುವು ಹೆಚ್ಚುಕಮ್ಮಿ ಅಕ್ಟೋಬರ್ 6ಕ್ಕೇ ಮುಗಿದಿದೆ. ನೀವು ಉದ್ಯಮ್ ನೋಂದಣಿ ಇರುವ ಸಣ್ಣ ಘಟಕದವರು. ನಮ್ಮ ಕಡೆಯ ಗೊಂದಲದಿಂದ ನಿಮ್ಮ ದುಡ್ಡು ಸುಮ್ನೆ ನಿಲ್ಲಬಾರದು. ದಾಖಲೆ ಸಿಕ್ಕ ದಿನವೇ ಸ್ಟೋರ್ಸ್‌ನಲ್ಲಿ ಕೂತು ಹುಡುಕಿಸುತ್ತೇನೆ. ಲಾರಿಯವರು ಬೇರೆ ಕಡೆ ಇಳಿಸಿದ್ದರೆ ಅದೂ ಬೇಗ ಗೊತ್ತಾಗಲಿ, ಅಲ್ವಾ?

ಉಳಿದದ್ದು ₹1,400, ಸೆಕ್ಷನ್ 194ಕ್ಯೂ ಟಿಡಿಎಸ್. ವಾಪಸ್ ಕಳಿಸಿದ ಮಾಲು ಕಳೆದು ನಮ್ಮ ಖರೀದಿ ಜಿಎಸ್‌ಟಿ ಬಿಟ್ಟು ₹64 ಲಕ್ಷ ದಾಖಲಾಗಿತ್ತು. ₹50 ಲಕ್ಷದ ಮೇಲಿನ ₹14 ಲಕ್ಷಕ್ಕೆ 0.1% ಹಿಡಿದಿದ್ದೇವೆ. ಬಿಲ್ 1243 ಸರಿಯಾದ ಮೇಲೆ ಇನ್ನು ₹27 ಸೇರಿ ₹1,427 ಆಗುತ್ತದೆ. ತಡವಾದ್ದಕ್ಕೆ ಬಡ್ಡಿ ಬಂದರೆ ಅದು ನಮ್ಮದು.

ನಿಮ್ಮ ಲೆಡ್ಜರ್‌ನಲ್ಲಿ ನೆಫ್ಟ್, ಡೆಬಿಟ್ ನೋಟ್, ಟಿಡಿಎಸ್ ಮೂರನ್ನೂ ಏರಿಸಿದರೆ ಬಾಕಿ ₹12,28,629. ನಮ್ಮದು ಈಗ ₹10,87,029. ನಡುವೆ ಉಳಿಯುವುದು ಬಿಲ್ 1187 ಒಂದೇ.

ಕೊನೆಯ ಬಾಕಿಗೆ ಸಂಬಂಧಿಸದ, ಆದರೆ ತುರ್ತಿನ ಒಂದು ಮಾತು. ಮಾರ್ಚ್ 31ರ ಬಿಲ್ 2316 (₹2,06,500) ನಿಮ್ಮ ಹಳೇ ವರ್ಷದಲ್ಲಿದೆ. ಮಾಲು ಏಪ್ರಿಲ್ 2ಕ್ಕೆ ಬಂದಿದ್ದರಿಂದ ನಾವು ಈ ವರ್ಷದಲ್ಲಿ ಹಿಡಿದಿದ್ದೇವೆ. ಅದಕ್ಕೇ ಓಪನಿಂಗ್ ಬ್ಯಾಲೆನ್ಸ್ ಹೊಂದುತ್ತಿಲ್ಲ. ಹಣ ಮೇ ತಿಂಗಳಲ್ಲೇ ಕೊಟ್ಟಾಗಿದೆ. ಆದರೆ ಈ ಬಿಲ್ ಇವತ್ತಿನವರೆಗೂ ನಮ್ಮ 2ಬಿಗೆ ಬಂದಿಲ್ಲ. ಜಿಎಸ್‌ಟಿಐಎನ್ ತಪ್ಪಾಗಿ ಬಿದ್ದಿದೆಯೋ, ಬಿ2ಸಿಯಲ್ಲಿ ಹೋಗಿದೆಯೋ ನೋಡಿ. 2024-25ರ ಬಿಲ್ಲಿಗೆ ಐಟಿಸಿ ಪಡೆಯಲು ನವೆಂಬರ್ 30 ಕೊನೆ. ಅಂದರೆ ನವೆಂಬರ್ 11ರೊಳಗೆ ನೀವು ಹಾಕುವ ಅಕ್ಟೋಬರ್ ತಿಂಗಳ ಜಿಎಸ್‌ಟಿಆರ್-1ರಲ್ಲೇ ಇದು ಬರಬೇಕು. ತಪ್ಪಿದರೆ ನಮಗೆ ₹31,500 ನಷ್ಟ.

ದೀಪಾವಳಿ ರಜೆಗೆ ಮುಂಚೆ, ಶುಕ್ರವಾರ 17ರೊಳಗೆ ಉತ್ತರ ಸಿಕ್ಕರೆ ಈ ತಿಂಗಳ ಪೇಮೆಂಟ್ ಪಟ್ಟಿಗೆ ನಿಮ್ಮದನ್ನು ಸೇರಿಸುತ್ತೇನೆ. ಫೋನಿನಲ್ಲಿ ಮಾತಾಡಿದರೆ ಸುಲಭ ಅನ್ನಿಸಿದರೆ ಮಧ್ಯಾಹ್ನ 3ರ ಮೇಲೆ ಮಾಡಿ. ಲೆಡ್ಜರ್ ಮುಂದೆ ಇಟ್ಟುಕೊಂಡೇ ಇರುತ್ತೇನೆ.

ಲಗತ್ತು: ನಮ್ಮ ಲೆಡ್ಜರ್, ನೆಫ್ಟ್ ಸ್ಲಿಪ್, ಡೆಬಿಟ್ ನೋಟ್ 23, ಸಹಿ ಇರುವ ಚಲನ್

ವಂದನೆಗಳೊಂದಿಗೆ,
ಸುಮಾ
ಅಕೌಂಟ್ಸ್ ವಿಭಾಗ, ಪೀಣ್ಯ ಯೂನಿಟ್, ಬೆಂಗಳೂರು